ಎರಡು ಪುಟದ ರೆಸ್ಯೂಮೆಯಿಂದ ಅರ್ಧ ಪುಟದ ಟಿಪ್ಪಣಿ: ಬಲ, ಕೊರತೆ, ಹೊಂದಿಕೆ ಬರೆಯುವ ಕ್ರಮ

ರೆಸ್ಯೂಮೆಯನ್ನು ಚಿಕ್ಕದು ಮಾಡಿ ಕೊಟ್ಟರೆ ಹೈರಿಂಗ್ ಮ್ಯಾನೇಜರ್‌ಗೆ ಸಮಯ ಉಳಿಯುವುದಿಲ್ಲ. ಚಿಕ್ಕದಾದ ರೆಸ್ಯೂಮೆಯೂ ರೆಸ್ಯೂಮೆಯೇ. ಅದನ್ನು ಓದಿ, ಕೆಲಸಕ್ಕೆ ಹೋಲಿಸಿ, ತೀರ್ಮಾನಕ್ಕೆ ಬರುವ ಶ್ರಮವೆಲ್ಲ ಮತ್ತೆ ಅವರ ತಲೆಯ ಮೇಲೇ ಬೀಳುತ್ತದೆ. ಅಭ್ಯರ್ಥಿ ರೆಸ್ಯೂಮೆ ಬರೆಯುವುದು ‘ನಾನು ಏನೇನು ಮಾಡಿದ್ದೇನೆ’ ಎಂದು ಹೇಳಲು. ಮ್ಯಾನೇಜರ್‌ಗೆ ಬೇಕಾದ ಉತ್ತರ ಬೇರೆ: ಈ ಕೆಲಸಕ್ಕೆ ಇವರನ್ನು ಕರೆಯಬೇಕೇ, ಕರೆದರೆ ಏನನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು? ಒಳ್ಳೆಯ ಟಿಪ್ಪಣಿ ಈ ಎರಡು ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತದೆ.

ಹಾಗೆ ಉತ್ತರಿಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ರೆಸ್ಯೂಮೆ ತೋರಿಸಿಕೊಟ್ಟದ್ದು, ರೆಸ್ಯೂಮೆ ಬರಿದೇ ಹೇಳಿಕೊಂಡದ್ದು, ಬರೆಯುವವರು ಊಹಿಸಿದ್ದು, ಈ ಮೂರೂ ಟಿಪ್ಪಣಿಯಲ್ಲಿ ಬೆರೆತುಹೋಗುತ್ತವೆ. ಓದುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ಮೂರನ್ನು ಬೇರೆಬೇರೆಯಾಗಿ ಇಡುವುದಕ್ಕಾಗಿಯೇ ಇವೆ. ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನಡೆಯೋಣ: ಗೋದಾಮೊಂದರ ರಾತ್ರಿ ಪಾಳಿಯ ಮೇಲ್ವಿಚಾರಕರ ಹುದ್ದೆ, ಅದಕ್ಕೆ ಬಂದ ಎರಡು ಪುಟದ ಒಂದು ರೆಸ್ಯೂಮೆ.

## ಹಂತ 1: ರೆಸ್ಯೂಮೆ ತೆರೆಯುವ ಮುನ್ನ ಅಳತೆಗೋಲು ತಯಾರಿಸಿ

ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಹದಿನೈದು ಸಾಲು ಇರಬಹುದು. ಅದರಲ್ಲಿ ಅರ್ಧ ಹಳೆಯ ಹುದ್ದೆಯ ಕಾಗದದಿಂದ ಎತ್ತಿಕೊಂಡು ಬಂದದ್ದು. ಅದನ್ನೇ ಅಳತೆಗೋಲು ಮಾಡಿಕೊಂಡರೆ ಹದಿನೈದು ಸಾಲಿಗೂ ಸಮಾನ ತೂಕ ಸಿಗುತ್ತದೆ, ನಿಜವಾಗಿ ಬೇಕಾದ ನಾಲ್ಕು ವಿಷಯ ಮುಳುಗಿಹೋಗುತ್ತವೆ. ಆದ್ದರಿಂದ ಮ್ಯಾನೇಜರ್ ಜೊತೆ ಹತ್ತು ನಿಮಿಷ ಮಾತನಾಡಿ. ಹುದ್ದೆಯೊಂದಕ್ಕೆ ಇದು ಒಂದೇ ಸಲದ ಕೆಲಸ. ಆಮೇಲೆ ಎಷ್ಟು ರೆಸ್ಯೂಮೆ ಬಂದರೂ ಇದೇ ಅಳತೆಗೋಲು ಸಾಕು.

ಕೇಳಬೇಕಾದ ಪ್ರಶ್ನೆಗಳು ಮೂರು. ಸೇರಿದವರು ಮೊದಲ ಆರು ತಿಂಗಳಲ್ಲಿ ಯಾವ ಕೆಲಸ ಸರಿಮಾಡಿದರೆ ‘ಸರಿಯಾದವರನ್ನೇ ತೆಗೆದುಕೊಂಡೆವು’ ಎನ್ನುತ್ತೀರಿ? ಯಾವುದು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದರೂ ಬೇಡ? ಯಾವುದನ್ನು ಸೇರಿದ ಮೇಲೆ ಕಲಿಸಿಕೊಳ್ಳಬಹುದು? ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ‘ಬೇಕೇ ಬೇಕು’ ಎಂದು ಮೊದಲು ಹೇಳಿದ್ದರಲ್ಲಿ ಒಂದೆರಡು ಈ ಪ್ರಶ್ನೆಗೆ ಉತ್ತರಿಸುವಾಗ ಕೆಳಗಿಳಿಯುತ್ತವೆ.

ನಮ್ಮ ಉದಾಹರಣೆಯಲ್ಲಿ ಮ್ಯಾನೇಜರ್ ಹೇಳಿದ್ದು ಇಷ್ಟು. ರಾತ್ರಿ ಪಾಳಿಯಲ್ಲಿ ತಪ್ಪು ಸರಕು ಹೊರಡುವುದು ಹೆಚ್ಚಾಗಿದೆ, ಅದು ಇಳಿಯಬೇಕು. ಇದರಿಂದ ನಾಲ್ಕು ಕಡ್ಡಾಯ ಅಂಶ ಹೊರಬಂದವು: ಸುಮಾರು 25 ಮಂದಿಯ ಪಾಳಿಯನ್ನು ನೇರವಾಗಿ ನಡೆಸುವುದು, ಸ್ಟಾಕ್ ಲೆಕ್ಕದ ವ್ಯತ್ಯಾಸದ ಮೂಲ ಹುಡುಕಿ ಸರಿಪಡಿಸಿದ ಅನುಭವ, ಸ್ಕ್ಯಾನರ್ ಆಧಾರಿತ ಗೋದಾಮು ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿರುವುದು, ಕಾಯಂ ರಾತ್ರಿ ಪಾಳಿಗೆ ಒಪ್ಪಿಗೆ. ಇದ್ದರೆ ಒಳ್ಳೆಯದು ಎನ್ನುವಂಥದ್ದು ಒಂದೇ: ಓವರ್‌ಟೈಮ್ ಬಜೆಟ್ ನೋಡಿಕೊಂಡಿರುವುದು. ಕಡ್ಡಾಯದ ಪಟ್ಟಿ ಆರನ್ನು ದಾಟಿದರೆ ಮತ್ತೆ ಮ್ಯಾನೇಜರ್ ಬಳಿ ಹೋಗಿ. ಅಷ್ಟೊಂದು ಕಡ್ಡಾಯಗಳಿದ್ದರೆ ಟಿಪ್ಪಣಿ ಅರ್ಧ ಪುಟದಲ್ಲಿ ನಿಲ್ಲುವುದಿಲ್ಲ, ಎಲ್ಲಕ್ಕೂ ಸರಿಹೊಂದುವ ಅಭ್ಯರ್ಥಿಯೂ ಸಿಗುವುದು ಕಷ್ಟ.

‘ಇಷ್ಟು ವರ್ಷ ಅನುಭವ’ ಎಂಬುದನ್ನು ಕಡ್ಡಾಯ ಅಂಶವಾಗಿ ಬರೆದುಕೊಳ್ಳಬೇಡಿ. ವರ್ಷಗಳ ಸಂಖ್ಯೆ ಎಣಿಸಲು ಸುಲಭ, ಹಾಗಾಗಿಯೇ ಎಲ್ಲರೂ ಅದನ್ನು ಹಿಡಿದುಕೊಳ್ಳುತ್ತಾರೆ. ಆದರೆ ಹಿಂದಿನ ಅನುಭವದ ಉದ್ದಕ್ಕೂ ಹೊಸ ಕೆಲಸದಲ್ಲಿನ ಸಾಧನೆಗೂ ಇರುವ ನಂಟು ತೀರಾ ದುರ್ಬಲ ಎಂದು, 81 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತು. ಐದು ವರ್ಷ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದವರೂ ಇದ್ದಾರೆ, ಎರಡೇ ವರ್ಷದಲ್ಲಿ ನಿಮಗೆ ಬೇಕಾದ ಸಮಸ್ಯೆಯನ್ನೇ ಬಗೆಹರಿಸಿದವರೂ ಇದ್ದಾರೆ. ಟಿಪ್ಪಣಿಯಲ್ಲಿ ತೂಕ ಇರಬೇಕಾದದ್ದು ಮಾಡಿದ ಕೆಲಸಕ್ಕೆ.

## ಹಂತ 2: ಕೆಳಗಿನಿಂದ ಮೇಲಕ್ಕೆ ಓದಿ ಕಾಲರೇಖೆ ಬರೆಯಿರಿ

ರೆಸ್ಯೂಮೆಯ ತಲೆಯಲ್ಲಿರುವ ನಾಲ್ಕು ಸಾಲಿನ ಪರಿಚಯವನ್ನು ಮೊದಲು ಓದಬೇಡಿ. ಅದು ಅಭ್ಯರ್ಥಿಯೇ ತನ್ನ ಬಗ್ಗೆ ಬರೆದುಕೊಂಡ ತೀರ್ಪು. ಅದನ್ನು ಓದಿದ ಮೇಲೆ ಕೆಳಗಿನದ್ದೆಲ್ಲ ಅದಕ್ಕೆ ಸಾಕ್ಷಿಯಂತೆಯೇ ಕಾಣತೊಡಗುತ್ತದೆ. ಎಲ್ಲಕ್ಕಿಂತ ಹಳೆಯ ಕೆಲಸದಿಂದ ಶುರುಮಾಡಿ ಇವತ್ತಿನವರೆಗೆ ಬನ್ನಿ. ಪ್ರತಿ ಕೆಲಸಕ್ಕೂ ಶುರುವಾದ ತಿಂಗಳು, ಮುಗಿದ ತಿಂಗಳು, ಹುದ್ದೆಯ ಹೆಸರು, ಕೈಕೆಳಗಿದ್ದವರ ಸಂಖ್ಯೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ನಮ್ಮ ಅಭ್ಯರ್ಥಿಯ ರೆಸ್ಯೂಮೆ ಫೆಬ್ರುವರಿ 2025ರದ್ದು. ಕಾಲರೇಖೆ ಹೀಗೆ ಬರುತ್ತದೆ:

- ಜನವರಿ 2016 – ಮೇ 2018: ಕಪಾಟಿನಿಂದ ಸರಕು ಆರಿಸಿ ತೆಗೆಯುವ ಪಿಕಿಂಗ್, ನಂತರ ಪ್ಯಾಕಿಂಗ್ ವಿಭಾಗ. 29 ತಿಂಗಳು. ಕೈಕೆಳಗೆ ಯಾರೂ ಇಲ್ಲ.
- ಜೂನ್ 2018 – ಏಪ್ರಿಲ್ 2021: ಸ್ಟಾಕ್ ಕಂಟ್ರೋಲರ್. 35 ತಿಂಗಳು. ಕೈಕೆಳಗೆ ಯಾರಾದರೂ ಇದ್ದರೇ ಎಂದು ಬರೆದಿಲ್ಲ.
- ಮೇ 2021 – ಫೆಬ್ರುವರಿ 2022: ಏನೂ ಬರೆದಿಲ್ಲ. 10 ತಿಂಗಳು.
- ಮಾರ್ಚ್ 2022 – ಇಂದಿನವರೆಗೆ: ಬಿಡಿಭಾಗಗಳ ವಿತರಣಾ ಗೋದಾಮಿನಲ್ಲಿ ಶಿಫ್ಟ್ ಲೀಡ್. 36 ತಿಂಗಳು. 14 ಮಂದಿಯ ತಂಡ.

ಈಗ ತಲೆಯಲ್ಲಿರುವ ಪರಿಚಯ ಓದಿ: ‘9 ವರ್ಷ ಅನುಭವದ ಗೋದಾಮು ಮುಂದಾಳು’. ಕೆಲಸ ಮಾಡಿದ ತಿಂಗಳುಗಳನ್ನು ಕೂಡಿದರೆ 100, ಅಂದರೆ 8 ವರ್ಷ 4 ತಿಂಗಳು. ನಡುವಿನ 10 ತಿಂಗಳನ್ನೂ ಸೇರಿಸಿಕೊಂಡರೆ ಮಾತ್ರ 9 ವರ್ಷ ದಾಟುತ್ತದೆ. ಇದರಲ್ಲಿ ಮೋಸ ಹುಡುಕಬೇಕಿಲ್ಲ. ವೃತ್ತಿ ಶುರುವಾದ ವರ್ಷದಿಂದ ಎಣಿಸುವುದು ಜನರ ರೂಢಿ. ನಮಗೆ ಮುಖ್ಯವಾದದ್ದು ಇನ್ನೊಂದು ಸಂಖ್ಯೆ. 9 ವರ್ಷದ ‘ಮುಂದಾಳು’ ನಿಜವಾಗಿ ತಂಡ ನಡೆಸಿದ್ದಕ್ಕೆ ರೆಸ್ಯೂಮೆಯಲ್ಲಿ ಸಿಗುವ ಕಾಲ 36 ತಿಂಗಳು. ಟಿಪ್ಪಣಿಯಲ್ಲಿ ‘9 ವರ್ಷ’ ಎಂದು ನಕಲು ಮಾಡಿದ್ದರೆ ಮ್ಯಾನೇಜರ್ 9 ವರ್ಷದ ಮೇಲ್ವಿಚಾರಣೆ ಎಂದೇ ತಿಳಿದುಕೊಳ್ಳುತ್ತಿದ್ದರು.

ತಿಂಗಳಿಲ್ಲದೆ ಬರೇ ವರ್ಷ ಬರೆದ ರೆಸ್ಯೂಮೆಗಳೂ ಬರುತ್ತವೆ. ‘2020 – 2021’ ಎಂದರೆ ಎರಡು ತಿಂಗಳೂ ಆಗಬಹುದು, 24 ತಿಂಗಳೂ ಆಗಬಹುದು. ಅಂಥಲ್ಲಿ ನಡುವಿನ ಸಂಖ್ಯೆಯೊಂದನ್ನು ಊಹಿಸಿ ಬರೆಯಬೇಡಿ. ‘ತಿಂಗಳು ನಮೂದಿಸಿಲ್ಲ, ಅವಧಿ 2ರಿಂದ 24 ತಿಂಗಳ ನಡುವೆ’ ಎಂದೇ ಇಡಿ. ಎರಡು ಕೆಲಸಗಳ ಅವಧಿ ಒಂದರ ಮೇಲೊಂದು ಬಿದ್ದಿದ್ದರೂ ಅಷ್ಟೇ: ಅರೆಕಾಲಿಕವೋ, ಒಪ್ಪಂದದ ಕೆಲಸವೋ, ಟೈಪ್ ಮಾಡುವಾಗ ಆದ ತಪ್ಪೋ ನಿಮಗೆ ಗೊತ್ತಿಲ್ಲ. ಅದು ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆ.

## ಹಂತ 3: ಪ್ರತಿ ಅಂಶಕ್ಕೂ ಸಾಕ್ಷಿ ಹುಡುಕಿ, ಗುರುತು ಹಾಕಿ

ಎರಡನೆಯ ಓದು ಅಳತೆಗೋಲಿನ ಕಡೆಯಿಂದ. ಒಂದು ಅಂಶ ತೆಗೆದುಕೊಳ್ಳಿ, ಇಡೀ ರೆಸ್ಯೂಮೆಯಲ್ಲಿ ಅದಕ್ಕೆ ಸಂಬಂಧಿಸಿದ ಸಾಲುಗಳನ್ನು ಹುಡುಕಿ, ನಾಲ್ಕರಲ್ಲಿ ಒಂದು ಗುರುತು ಹಾಕಿ, ಆಮೇಲೆ ಮುಂದಿನ ಅಂಶಕ್ಕೆ ಹೋಗಿ.

ತೋರಿದೆ: ಏನು ಮಾಡಿದರು, ಎಷ್ಟು ದೊಡ್ಡದು, ಎಲ್ಲಿ ಎಂಬುದು ಒಂದು ಕೆಲಸದ ಕೆಳಗೆ ಬರೆದಿದೆ.
ಹೇಳಿದೆ: ಕೌಶಲಗಳ ಪಟ್ಟಿಯಲ್ಲೋ ಪರಿಚಯದಲ್ಲೋ ಪದ ಇದೆ, ಅದನ್ನು ಬಳಸಿದ ಕೆಲಸ ಎಲ್ಲೂ ಇಲ್ಲ.
ಮೌನ: ಅದರ ಬಗ್ಗೆ ಒಂದು ಮಾತೂ ಇಲ್ಲ.
ಎದುರು: ರೆಸ್ಯೂಮೆಯಲ್ಲಿರುವುದು ಆ ಅಂಶಕ್ಕೆ ವಿರುದ್ಧವಾಗಿದೆ, ಅಥವಾ ರೆಸ್ಯೂಮೆಯ ಎರಡು ಸಾಲುಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ.

‘ಮೌನ’ ಮತ್ತು ‘ಎದುರು’ ಇವೆರಡನ್ನು ಬೆರೆಸುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ಕೆಡುಕು ಮಾಡುವ ತಪ್ಪು. ರೆಸ್ಯೂಮೆ ಎರಡೇ ಪುಟ. ಬರೆಯದೆ ಬಿಟ್ಟದ್ದು ಬರೆದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ರಾತ್ರಿ ಪಾಳಿಯ ಬಗ್ಗೆ ಮಾತಿಲ್ಲ ಎಂದ ಮಾತ್ರಕ್ಕೆ ‘ರಾತ್ರಿ ಪಾಳಿಯ ಅನುಭವವಿಲ್ಲ’ ಎಂದು ಬರೆದರೆ, ರೆಸ್ಯೂಮೆ ಹೇಳದ ಮಾತನ್ನು ನೀವು ಹೇಳಿದಂತಾಯಿತು. ಆ ಒಂದು ಸಾಲಿನ ಮೇಲೆ ಒಬ್ಬರ ಅರ್ಜಿ ಪಕ್ಕಕ್ಕೆ ಹೋಗಬಹುದು, ಹೋದದ್ದು ಯಾಕೆಂದು ಯಾರಿಗೂ ತಿಳಿಯುವುದೂ ಇಲ್ಲ.

ನಮ್ಮ ಉದಾಹರಣೆಯಲ್ಲಿ ಗುರುತುಗಳು ಹೀಗೆ ಬೀಳುತ್ತವೆ. ಸ್ಟಾಕ್ ವ್ಯತ್ಯಾಸ ಸರಿಪಡಿಸಿದ್ದು: ತೋರಿದೆ. ಸ್ಟಾಕ್ ಕಂಟ್ರೋಲರ್ ಆಗಿದ್ದಾಗ 6,000 ಬಗೆಯ ಸರಕಿನ ಲೆಕ್ಕ ನೋಡಿಕೊಂಡರು, ವ್ಯತ್ಯಾಸದ ಮೂಲ ವಾಪಸು ಬಂದ ಸರಕನ್ನು ಮತ್ತೆ ಕಪಾಟಿಗಿಡುವ ಹಂತದಲ್ಲಿದೆ ಎಂದು ಕಂಡುಹಿಡಿದರು, ದಿನವೂ ಸರಕಿನ ಒಂದೊಂದು ಭಾಗವನ್ನು ಎಣಿಸುವ ಸೈಕಲ್ ಕೌಂಟ್ ಶುರುಮಾಡಿ 14 ತಿಂಗಳಲ್ಲಿ ನಿಖರತೆಯನ್ನು 94 ಶೇಕಡದಿಂದ 98.5ಕ್ಕೆ ತಂದರು ಎಂದು ಬರೆದಿದೆ. ಪಾಳಿ ನಡೆಸಿದ್ದು: ತೋರಿದೆ, ಆದರೆ ಗಾತ್ರ 14, ಬೇಕಿರುವುದು 25. ಸಾಫ್ಟ್‌ವೇರ್: ತೋರಿದೆ, ‘ಹೊಸ ಸಾಫ್ಟ್‌ವೇರ್ ಅಳವಡಿಕೆಯಲ್ಲಿ ಪಾಲ್ಗೊಂಡಿದ್ದೇನೆ’ ಎಂಬ ಸಾಲು ಇದೆ; ಸ್ಕ್ಯಾನರ್‌ನಲ್ಲಿ ದಿನನಿತ್ಯದ ಪಿಕಿಂಗ್ ಬಗ್ಗೆಯೂ ಇದೆ. ರಾತ್ರಿ ಪಾಳಿ: ಮೌನ. ಬಜೆಟ್: ಹೇಳಿದೆ, ಕೌಶಲಗಳ ಪಟ್ಟಿಯಲ್ಲಿ ಪದ ಮಾತ್ರ.

ಸಂಖ್ಯೆಗಳ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಇದೇ ಅಭ್ಯರ್ಥಿ ಈಗಿನ ಕೆಲಸದ ಕೆಳಗೆ ‘ಪಿಕಿಂಗ್ ತಪ್ಪುಗಳನ್ನು 40 ಶೇಕಡ ಇಳಿಸಿದೆ’ ಎಂದು ಬರೆದಿದ್ದಾರೆ. ಇದು ಮೇಲಿನ 94ರಿಂದ 98.5ಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ನಿಖರತೆ 94 ಎಂದರೆ ತಪ್ಪು ನೂರಕ್ಕೆ 6, 98.5 ಎಂದರೆ ತಪ್ಪು ನೂರಕ್ಕೆ ಒಂದೂವರೆ. ತಪ್ಪು ಇಳಿದದ್ದು ನಾಲ್ಕರಲ್ಲಿ ಮೂರು ಪಾಲು. ಅದಕ್ಕೆ ಶುರುವಿನ ಸಂಖ್ಯೆ, ಕೊನೆಯ ಸಂಖ್ಯೆ, ಅವಧಿ, ಕಾರಣ ಎಲ್ಲ ಇವೆ. 40 ಶೇಕಡದ ಹಿಂದೆ ಇವ್ಯಾವುದೂ ಇಲ್ಲ. ತಿಂಗಳಿಗೆ 500 ತಪ್ಪು 300ಕ್ಕೆ ಇಳಿದದ್ದೋ, 5 ತಪ್ಪು 3ಕ್ಕೆ ಇಳಿದದ್ದೋ ತಿಳಿಯುವಂತಿಲ್ಲ. ಹಾಗಾಗಿ ಮೊದಲನೆಯದು ಬಲದ ಪಟ್ಟಿಗೆ, ಎರಡನೆಯದು ಕೇಳಬೇಕಾದ ಪ್ರಶ್ನೆಗಳಿಗೆ ಹೋಗುತ್ತದೆ. ಸಂಖ್ಯೆಯೊಂದನ್ನು ನಂಬುವ ಮೊದಲು ನೋಡಬೇಕಾದದ್ದು ಇದನ್ನೇ: ಎಲ್ಲಿಂದ, ಎಲ್ಲಿಗೆ, ಎಷ್ಟು ಕಾಲದಲ್ಲಿ, ಇವರ ಪಾಲು ಎಷ್ಟು.

ಕ್ರಿಯಾಪದಗಳನ್ನೂ ಹಾಗೆಯೇ ತೂಗಿ. ‘ಪಾಲ್ಗೊಂಡಿದ್ದೇನೆ’, ‘ನೆರವಾಗಿದ್ದೇನೆ’, ‘ಮುನ್ನಡೆಸಿದ್ದೇನೆ’ ಇವು ಬೇರೆಬೇರೆ ಮಾತುಗಳು. ಟಿಪ್ಪಣಿ ಬರೆಯುವಾಗ ಕೈ ತಪ್ಪಿ ‘ಸಾಫ್ಟ್‌ವೇರ್ ಅಳವಡಿಸಿದರು’ ಎಂದು ಬರೆದುಬಿಡುವುದು ಬಹಳ ಸುಲಭ. ಒಂದು ಪದ ಬದಲಾದರೆ ಪಾಲ್ಗೊಂಡವರು ಮುಂದಾಳಾಗಿಬಿಡುತ್ತಾರೆ. ಅಭ್ಯರ್ಥಿ ಬಳಸಿದ ಕ್ರಿಯಾಪದವನ್ನು ಏರಿಸಬೇಡಿ, ಇಳಿಸಬೇಡಿ.

## ಹಂತ 4: ಬಲ – ಎರಡು ಅಥವಾ ಮೂರು, ಅದಕ್ಕಿಂತ ಹೆಚ್ಚು ಬೇಡ

‘ತೋರಿದೆ’ ಎಂಬ ಗುರುತು ಬಿದ್ದದ್ದು ಮಾತ್ರ ಬಲವಾಗಿ ಬರೆಯಲು ಯೋಗ್ಯ. ಅದರಲ್ಲೂ ಕಡ್ಡಾಯ ಅಂಶಕ್ಕೆ ತಾಗುವಂಥದ್ದು. ಅಭ್ಯರ್ಥಿಗೆ ಮೂರು ಭಾಷೆ ಬರುತ್ತದೆ, ಸುರಕ್ಷತಾ ಸ್ಪರ್ಧೆಯಲ್ಲಿ ಬಹುಮಾನ ಬಂದಿದೆ ಎಂಬುದೆಲ್ಲ ಮೆಚ್ಚುವಂಥದ್ದೇ, ಆದರೆ ಈ ಹುದ್ದೆಯ ಪ್ರಶ್ನೆಗೆ ಉತ್ತರವಲ್ಲ. ಮೂಲ ರೆಸ್ಯೂಮೆ ಹೇಗೂ ಜೊತೆಗೇ ಹೋಗುತ್ತದೆ.

ಪ್ರತಿ ಬಲಕ್ಕೂ ಒಂದೆರಡು ವಾಕ್ಯ, ಹೆಚ್ಚೆಂದರೆ ಮೂರು. ಅದರಲ್ಲಿ ಮಾಡಿದ ಕೆಲಸ, ಅದರ ಗಾತ್ರ, ಫಲ, ಕಾಲ ಇರಲಿ; ಕೊನೆಗೆ ಅದು ಹುದ್ದೆಯ ಯಾವ ಅಂಶಕ್ಕೆ ತಾಗುತ್ತದೆ ಎಂದು ಹೇಳಿ. ಆ ಕೊನೆಯ ತುಂಡನ್ನೇ ಹೆಚ್ಚಿನವರು ಬಿಡುವುದು. ಅದಿಲ್ಲದಿದ್ದರೆ ಮ್ಯಾನೇಜರ್ ಓದಿ ‘ಸರಿ, ಅದರಿಂದೇನು’ ಎಂದು ಯೋಚಿಸಬೇಕಾಗುತ್ತದೆ.

ಇಂಥ ವಾಕ್ಯ ಕೆಲಸಕ್ಕೆ ಬಾರದು: ‘ಸ್ಟಾಕ್ ನಿರ್ವಹಣೆಯಲ್ಲಿ ಅಪಾರ ಅನುಭವ, ಫಲಿತಾಂಶಕ್ಕೆ ಒತ್ತು ಕೊಡುವ ಉತ್ಸಾಹಿ.’ ಇಲ್ಲಿ ‘ಅಪಾರ’ ಯಾರ ಅಳತೆ, ‘ಉತ್ಸಾಹಿ’ ಎಂದು ಕಾಗದ ನೋಡಿ ಹೇಗೆ ತಿಳಿಯಿತು? ಇದೇ ವಿಷಯವನ್ನು ಹೀಗೆ ಬರೆಯಬಹುದು: ‘6,000 ಬಗೆಯ ಸರಕಿನ ಸ್ಟಾಕ್ ನಿಖರತೆಯನ್ನು 14 ತಿಂಗಳಲ್ಲಿ 94ರಿಂದ 98.5 ಶೇಕಡಕ್ಕೆ ತಂದಿದ್ದಾಗಿ ಬರೆದಿದ್ದಾರೆ. ಮೂಲ ಕಾರಣ ವಾಪಸು ಸರಕಿನ ಹಂತದಲ್ಲಿ ಎಂದು ಗುರುತಿಸಿದ್ದರು. ನಮ್ಮ ತಪ್ಪು ರವಾನೆಯ ಸಮಸ್ಯೆಗೆ ಹತ್ತಿರದ ಅನುಭವ.’ ಎರಡನೆಯದರಲ್ಲಿ ಹೊಗಳುವ ಒಂದು ವಿಶೇಷಣವೂ ಇಲ್ಲ. ‘ಬರೆದಿದ್ದಾರೆ’ ಎಂಬ ಪದವನ್ನೂ ಗಮನಿಸಿ; ಇದು ಇನ್ನೂ ಯಾರೂ ಪರೀಕ್ಷಿಸದ ಮಾತು ಎಂಬುದನ್ನು ಅದೊಂದೇ ಪದ ನೆನಪಿಸುತ್ತದೆ.

## ಹಂತ 5: ಕೊರತೆ – ಮೂರು ಬಗೆ, ಮೂರಕ್ಕೂ ಬೇರೆ ಮದ್ದು

‘ಕೊರತೆ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಮೂರು ಬೇರೆ ವಿಷಯಗಳು ಸೇರಿಕೊಳ್ಳುತ್ತವೆ. ಅವನ್ನು ಬಿಡಿಸದಿದ್ದರೆ ಒಳ್ಳೆಯ ಅಭ್ಯರ್ಥಿಯೂ ತೂತುಗಳ ರಾಶಿಯಂತೆ ಕಾಣುತ್ತಾರೆ.

ಮೊದಲನೆಯದು ಅಳತೆಯ ಕೊರತೆ: ಬೇಕಾದದ್ದು ಇದೆ, ಬೇಕಾದಷ್ಟು ಇಲ್ಲ. 25 ಬೇಕಾದಲ್ಲಿ 14 ಇರುವುದು ಇಂಥದ್ದು. ಇದನ್ನು ಎರಡೂ ಸಂಖ್ಯೆ ಇಟ್ಟು ಬರೆಯಿರಿ. ‘ದೊಡ್ಡ ತಂಡದ ಅನುಭವ ಕಡಿಮೆ’ ಎಂದರೆ ಮ್ಯಾನೇಜರ್‌ಗೆ ತೂಗಲು ಏನೂ ಸಿಗುವುದಿಲ್ಲ. 14ರಿಂದ 25ಕ್ಕೆ ಏರುವುದು ಎಷ್ಟು ಕಷ್ಟ ಎಂಬುದು ಆ ಕೆಲಸ ಬಲ್ಲ ಮ್ಯಾನೇಜರ್ ತೀರ್ಮಾನಿಸಬೇಕಾದದ್ದು. ಆದರೂ ಒಂದು ಸುಳಿವು ಕೊಡಬಹುದು: 14 ಮಂದಿಯನ್ನು ಒಬ್ಬರೇ ಕಣ್ಣಳತೆಯಲ್ಲಿ ನಡೆಸಬಹುದು, 25 ಎಂದಾಗ ನಡುವೆ ಒಬ್ಬಿಬ್ಬರು ಲೀಡ್‌ಗಳ ಮೂಲಕ ನಡೆಸಬೇಕಾಗಬಹುದು. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಬೇರೆಯವರ ಮೂಲಕ ಕೆಲಸ ಮಾಡಿಸಿದ್ದೀರಾ’ ಎಂಬುದು.

ಎರಡನೆಯದು ಕಾಗದದ ಕೊರತೆ, ಅಂದರೆ ‘ಮೌನ’ ಮತ್ತು ‘ಹೇಳಿದೆ’ ಎಂದು ಗುರುತಾದವು. ರಾತ್ರಿ ಪಾಳಿ, ಬಜೆಟ್, ಆ 40 ಶೇಕಡ. ಇವಕ್ಕೆ ಮದ್ದು ಒಂದು ಫೋನ್ ಕರೆ. ಟಿಪ್ಪಣಿಯಲ್ಲಿ ಇವನ್ನು ಪ್ರಶ್ನೆಯ ರೂಪದಲ್ಲೇ ಬರೆಯಿರಿ, ಆಗ ತೀರ್ಪಿನಂತೆ ಕೇಳಿಸುವುದಿಲ್ಲ. ಕಡ್ಡಾಯ ಅಂಶವೊಂದು ಮೌನದಲ್ಲಿದ್ದರೆ, ನಮ್ಮಲ್ಲಿ ರಾತ್ರಿ ಪಾಳಿಯ ಹಾಗೆ, ಅದನ್ನು ಮ್ಯಾನೇಜರ್ ಬಳಿಗೆ ಹೋಗುವ ಮೊದಲೇ ಒಂದು ಸಂದೇಶ ಕಳಿಸಿ ಕೇಳಿಬಿಡುವುದು ಜಾಣತನ. ಹೌದೋ ಅಲ್ಲವೋ ಎಂಬ ಉತ್ತರಕ್ಕೆ ಸಂದರ್ಶನ ಬೇಕಿಲ್ಲ.

ಮೂರನೆಯದು ಕಾಲದ ಕೊರತೆ: ಕೆಲಸವಿಲ್ಲದ ತಿಂಗಳುಗಳು. ಇದರ ಬಗ್ಗೆ ಎಚ್ಚರ ಬೇಕು. ಟಿಪ್ಪಣಿಯಲ್ಲಿ ‘ಮೇ 2021ರಿಂದ ಫೆಬ್ರುವರಿ 2022, 10 ತಿಂಗಳು ವಿವರವಿಲ್ಲ’ ಎಂದು ತಿಂಗಳು ಹೇಳಿ ನಿಲ್ಲಿಸಿ. ಕಾರಣ ಊಹಿಸಬೇಡಿ. ಆರೈಕೆ, ಅನಾರೋಗ್ಯ, ಓದು, ಸಂಸ್ಥೆ ಮುಚ್ಚಿದ್ದು, ಏನೂ ಆಗಿರಬಹುದು. ಕೆಲವು ಕಾರಣಗಳನ್ನು ಕೆದಕುವುದು ಅಭ್ಯರ್ಥಿಯ ಖಾಸಗಿ ಬದುಕಿಗೆ ಕೈಹಾಕಿದಂತೆ. ಅದಲ್ಲದೆ ಆ ಬಿಡುವಿನ ನಂತರ ಅವರು ಮೂರು ವರ್ಷ ಒಂದೇ ಕಡೆ, ಮೊದಲಿಗಿಂತ ಮೇಲಿನ ಹುದ್ದೆಯಲ್ಲಿ ದುಡಿದಿದ್ದಾರೆ. ಬಿಡುವಿಗೆ ಇವತ್ತಿನ ಕೆಲಸದ ಮೇಲೆ ಪರಿಣಾಮ ಇದ್ದೀತೇ ಎಂದು ಕೇಳಿಕೊಳ್ಳಿ. ಕೌಶಲ ಬೇಗ ಹಳತಾಗುವ ಕ್ಷೇತ್ರದಲ್ಲಿ ಇತ್ತೀಚಿನ ದೀರ್ಘ ಬಿಡುವು ಲೆಕ್ಕಕ್ಕೆ ಬರಬಹುದು. ಇಲ್ಲಿ ಬರುವುದಿಲ್ಲ. ಹಾಗಾಗಿ ಅದಕ್ಕೆ ಒಂದು ಸಾಲು, ಅದೂ ಕೊನೆಯಲ್ಲಿ.

## ಹಂತ 6: ಹೊಂದಿಕೆ – ಅಂಕ ಬೇಡ, ಷರತ್ತು ಬರೆಯಿರಿ

ಹತ್ತಕ್ಕೆ ಏಳು ಎಂದು ಅಂಕ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಅದರ ತೊಂದರೆ ಏನೆಂದರೆ, ಸರಾಸರಿಯೊಳಗೆ ಕಡ್ಡಾಯದ ಕೊರತೆ ಅಡಗಿಹೋಗುತ್ತದೆ. ನಾಲ್ಕರಲ್ಲಿ ಮೂರು ಅಂಶಕ್ಕೆ ಪೂರ್ಣ ಅಂಕ, ರಾತ್ರಿ ಪಾಳಿ ಸಾಧ್ಯವೇ ಇಲ್ಲ ಎಂಬವರಿಗೂ ಏಳೂವರೆ ಬರುತ್ತದೆ. ಎಲ್ಲದರಲ್ಲೂ ಸಾಧಾರಣವಾಗಿ ಸರಿಹೊಂದುವವರಿಗೆ ಏಳು. ಮೊದಲನೆಯವರು ಆ ಕೆಲಸ ಮಾಡಲಾರರು, ಆದರೂ ಮೇಲೆ ನಿಲ್ಲುತ್ತಾರೆ.

ಅದರ ಬದಲು ನಾಲ್ಕು ಮಾತುಗಳಲ್ಲಿ ಒಂದನ್ನು ಆರಿಸಿ: ಕರೆಯಿರಿ, ಷರತ್ತಿನ ಮೇಲೆ ಕರೆಯಿರಿ, ಕಾದಿಡಿ, ಬೇಡ. ‘ಕರೆಯಿರಿ’ ಎನ್ನಲು ಕಡ್ಡಾಯ ಅಂಶಗಳೆಲ್ಲ ತೋರಿರಬೇಕು. ಒಂದೆರಡು ಅಂಶ ಮೌನದಲ್ಲಿದ್ದರೆ, ಬರೇ ಹೇಳಿಕೆಯಾಗಿದ್ದರೆ ಅಥವಾ ಅಳತೆಯಲ್ಲಿ ಕಡಿಮೆಯಿದ್ದರೆ ಷರತ್ತು; ಆ ಷರತ್ತು ಏನೆಂದು ಅಲ್ಲೇ ಹೇಳಬೇಕು. ಹೆಚ್ಚಿನವು ಮೌನವಾಗಿದ್ದರೆ ಕಾದಿಡಿ. ಕಡ್ಡಾಯವೊಂದು ಸ್ಪಷ್ಟವಾಗಿ ಎದುರಿದ್ದರೆ ಮಾತ್ರ ‘ಬೇಡ’. ಈ ಮಾತು ಟಿಪ್ಪಣಿಯ ಮೊದಲ ಸಾಲಿನಲ್ಲೇ ಇರಲಿ. ಮ್ಯಾನೇಜರ್ ಎರಡು ಸಭೆಗಳ ನಡುವೆ ಫೋನಿನಲ್ಲಿ ಓದುವಾಗ ಕಾಣುವುದು ಮೇಲಿನ ಮೂರು ನಾಲ್ಕು ಸಾಲು ಅಷ್ಟೇ.

## ಸಿದ್ಧ ಟಿಪ್ಪಣಿ ಹೀಗಿರುತ್ತದೆ

> ಅಭ್ಯರ್ಥಿ 07 – ರಾತ್ರಿ ಪಾಳಿ ಮೇಲ್ವಿಚಾರಕ
>
> ತೀರ್ಮಾನ: ಷರತ್ತಿನ ಮೇಲೆ ಕರೆಯಿರಿ. ಕಾಯಂ ರಾತ್ರಿ ಪಾಳಿಗೆ ಒಪ್ಪಿದರೆ 20 ನಿಮಿಷದ ಫೋನ್ ಮಾತುಕತೆ. ಕಡ್ಡಾಯ 4ರಲ್ಲಿ 2 ತೋರಿದೆ, 1 ಅಳತೆಯಲ್ಲಿ ಕಡಿಮೆ, 1 ಮೌನ.
>
> ಬಲ
> 1. ಸ್ಟಾಕ್ ಕಂಟ್ರೋಲರ್ ಆಗಿದ್ದಾಗ (2018–2021) 6,000 ಬಗೆಯ ಸರಕಿನ ನಿಖರತೆಯನ್ನು 14 ತಿಂಗಳಲ್ಲಿ 94ರಿಂದ 98.5 ಶೇಕಡಕ್ಕೆ ತಂದಿದ್ದಾಗಿ ಬರೆದಿದ್ದಾರೆ. ಮೂಲ ಕಾರಣ ವಾಪಸು ಸರಕಿನ ಹಂತದಲ್ಲಿ ಎಂದು ಗುರುತಿಸಿದ್ದರು. ನಮ್ಮ ತಪ್ಪು ರವಾನೆಯ ಸಮಸ್ಯೆಗೆ ಹತ್ತಿರ.
> 2. ಸ್ಕ್ಯಾನರ್ ಆಧಾರಿತ ಪಿಕಿಂಗ್ ದಿನನಿತ್ಯದ ಕೆಲಸ. ಹೊಸ ಸಾಫ್ಟ್‌ವೇರ್ ಅಳವಡಿಕೆಯಲ್ಲಿ ಪಾಲ್ಗೊಂಡಿದ್ದಾರೆ (ಪಾತ್ರ ಏನೆಂದು ಬರೆದಿಲ್ಲ). ಕಡ್ಡಾಯದ ಸಾಫ್ಟ್‌ವೇರ್ ಅಂಶಕ್ಕೆ ತಾಗುತ್ತದೆ.
>
> ಕೊರತೆ
> 1. ತಂಡದ ಗಾತ್ರ: 14 ಮಂದಿ, 36 ತಿಂಗಳು. ಬೇಕಿರುವುದು 25.
> 2. ರಾತ್ರಿ ಪಾಳಿ: ರೆಸ್ಯೂಮೆಯಲ್ಲಿ ಉಲ್ಲೇಖವಿಲ್ಲ. ಒಪ್ಪಿಗೆ ಇದೆಯೇ?
> 3. ಬಜೆಟ್: ಕೌಶಲಗಳ ಪಟ್ಟಿಯಲ್ಲಿ ಮಾತ್ರ. ಯಾವ ಕೆಲಸದಲ್ಲಿ ನೋಡಿಕೊಂಡರು? ಕಡ್ಡಾಯವಲ್ಲ.
>
> ಕೇಳಬೇಕಾದದ್ದು
> – ಪಿಕಿಂಗ್ ತಪ್ಪು 40 ಶೇಕಡ ಇಳಿದದ್ದು ಎಷ್ಟರಿಂದ ಎಷ್ಟಕ್ಕೆ, ಏನು ಬದಲಿಸಿದಿರಿ?
> – ನಿಮ್ಮ ಕೈಕೆಳಗಿನ ಲೀಡ್ ಮೂಲಕ ಕೆಲಸ ನಡೆಸಿದ್ದುಂಟೇ?
>
> ಗಮನಕ್ಕೆ: ಮೇ 2021 – ಫೆಬ್ರುವರಿ 2022 ವಿವರವಿಲ್ಲ. ಕಡ್ಡಾಯ ಅಂಶಗಳಿಗೆ ಸಂಬಂಧವಿಲ್ಲ.

ಇದನ್ನು ಓದಲು ಒಂದು ನಿಮಿಷದ ಆಸುಪಾಸು ಸಾಕು. ಬರೆಯಲು ಮೊದಮೊದಲು ಅರ್ಧ ಗಂಟೆ ಹಿಡಿಯುತ್ತದೆ. ಒಂದೇ ಹುದ್ದೆಗೆ ಐದಾರು ಟಿಪ್ಪಣಿ ಬರೆದ ಮೇಲೆ 15 ನಿಮಿಷಕ್ಕೆ ಇಳಿಯುತ್ತದೆ. ಅದಕ್ಕಿಂತ ಬೇಗ ಮುಗಿಯುತ್ತಿದ್ದರೆ ಕಾಲರೇಖೆಯ ಹಂತವನ್ನು ಹಾರಿಸುತ್ತಿದ್ದೀರಿ ಎಂದೇ ಅರ್ಥ.

## ಕಳಿಸುವ ಮುನ್ನ

ಟಿಪ್ಪಣಿಯ ಪ್ರತಿ ವಾಕ್ಯದ ಮೇಲೆ ಬೆರಳಿಟ್ಟು, ಇದು ರೆಸ್ಯೂಮೆಯ ಯಾವ ಸಾಲಿನಿಂದ ಬಂತು ಎಂದು ತೋರಿಸಿ. ತೋರಿಸಲಾಗದ ವಾಕ್ಯ ಊಹೆ. ಅದನ್ನು ಅಳಿಸಿ ಅಥವಾ ಪ್ರಶ್ನೆಯಾಗಿ ತಿರುಗಿಸಿ. ‘ಪದೇಪದೇ ಕೆಲಸ ಬದಲಿಸುವವರು’, ‘ಈ ಹುದ್ದೆಗೆ ಹೆಚ್ಚೇ ಅರ್ಹತೆ ಇದೆ’, ‘ತಂಡಕ್ಕೆ ಹೊಂದಿಕೊಳ್ಳಲಿಕ್ಕಿಲ್ಲ’ ಎಂಬಂಥ ವಾಕ್ಯಗಳು ಈ ಪರೀಕ್ಷೆಯಲ್ಲಿ ಉದುರುವುದು ಸಾಮಾನ್ಯ.

ಹೆಸರು, ಫೋಟೊ, ವಯಸ್ಸು, ಲಿಂಗ, ವಿವಾಹ, ಊರು ಇವು ಟಿಪ್ಪಣಿಯಲ್ಲಿ ಬರಬಾರದು. ಅದಕ್ಕೇ ಮೇಲೆ ‘ಅಭ್ಯರ್ಥಿ 07’ ಎಂದಿರುವುದು. ಹೆಸರಿನಿಂದ ಆಗುವ ವ್ಯತ್ಯಾಸ ಕಲ್ಪನೆಯಲ್ಲ. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೊಗಳಲ್ಲಿ ಸುಮಾರು 5,000 ಕಲ್ಪಿತ ರೆಸ್ಯೂಮೆಗಳನ್ನು ಕಳಿಸಿ ನಡೆಸಿದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಳಿಯರದೆಂದು ತೋರುವ ಹೆಸರಿಗೆ ಕಪ್ಪು ಜನರದೆಂದು ತೋರುವ ಹೆಸರಿಗಿಂತ ಸುಮಾರು 50 ಶೇಕಡ ಹೆಚ್ಚು ಕರೆ ಬಂದಿತ್ತು. ಹೆಸರನ್ನು ತೆಗೆದರೂ ಅದರ ಸುಳಿವು ಕೊಡುವ ಸಂಘಸಂಸ್ಥೆ, ಶಾಲೆಯ ಹೆಸರು, ಪದವಿ ಮುಗಿಸಿದ ವರ್ಷ ಉಳಿದಿರಬಹುದು. ಹುದ್ದೆಗೆ ಬೇಕಿಲ್ಲದಿದ್ದರೆ ಅವನ್ನೂ ಬಿಡಿ. ಹಿಂದೆ ದುಡಿದ ಸಂಸ್ಥೆ ಹೆಸರುವಾಸಿಯಾಗಿದ್ದರೆ ಅದೂ ಕಣ್ಣು ಕುಕ್ಕುತ್ತದೆ. ಅಂಥ ಸಂಸ್ಥೆಯ ಹೆಸರಿನ ಜಾಗದಲ್ಲಿ ‘ಬಿಡಿಭಾಗಗಳ ವಿತರಣಾ ಗೋದಾಮು’ ಎಂದು ಕೆಲಸದ ಬಗೆಯನ್ನು ಬರೆದು ಟಿಪ್ಪಣಿಯನ್ನು ಮತ್ತೊಮ್ಮೆ ಓದಿ. ಬಲದ ಪಟ್ಟಿ ಸೊರಗಿದರೆ, ಅಲ್ಲಿದ್ದ ಬಲ ಸಂಸ್ಥೆಯದ್ದಾಗಿತ್ತು.

ಒಂದೇ ಹುದ್ದೆಗೆ ಹಲವು ಟಿಪ್ಪಣಿ ಬರೆಯುತ್ತಿದ್ದರೆ ಇನ್ನೊಂದು ತಪ್ಪು ನುಸುಳುತ್ತದೆ: ಹತ್ತನೆಯ ರೆಸ್ಯೂಮೆಗೆ ಬರುವಷ್ಟರಲ್ಲಿ ಅಳತೆಗೋಲು ಜಾರಿರುತ್ತದೆ. ಒಬ್ಬ ಬಲಿಷ್ಠ ಅಭ್ಯರ್ಥಿಯ ನಂತರ ಬಂದವರು ಸಪ್ಪೆಯಾಗಿ ಕಾಣುತ್ತಾರೆ. ಕೊನೆಗೆ ಮೊದಲ ಎರಡು ಟಿಪ್ಪಣಿಗಳ ಗುರುತುಗಳನ್ನು ಮತ್ತೆ ಹಾಕಿ ನೋಡಿ. ಹೊಸ ಗುರುತು ಹಳೆಯದಕ್ಕಿಂತ ಬೇರೆಯಾಗಿ ಬಂದರೆ ನಡುವಿನವನ್ನೂ ತಿರುಗಿ ನೋಡಬೇಕು. ಸಾಧ್ಯವಾದರೆ ಒಂದೇ ರೆಸ್ಯೂಮೆಗೆ ಸಹೋದ್ಯೋಗಿಯೊಬ್ಬರೂ ಪ್ರತ್ಯೇಕವಾಗಿ ಗುರುತು ಹಾಕಲಿ. ಅವರ ‘ತೋರಿದೆ’ ನಿಮ್ಮ ‘ಹೇಳಿದೆ’ ಆಗಿದ್ದರೆ ಸಾಮಾನ್ಯವಾಗಿ ಅಂಶವನ್ನೇ ಅಸ್ಪಷ್ಟವಾಗಿ ಬರೆದುಕೊಂಡಿರುತ್ತೀರಿ, ಅದನ್ನು ಮ್ಯಾನೇಜರ್ ಬಳಿ ಬಿಡಿಸಿಕೊಳ್ಳಿ.

ಕೆಲವೊಮ್ಮೆ ಮ್ಯಾನೇಜರ್ ಅರ್ಧ ಪುಟವೂ ಬೇಡ, ಸಂದೇಶದಲ್ಲಿ ಒಂದೇ ಸಾಲು ಕಳಿಸಿ ಎನ್ನುತ್ತಾರೆ. ಆಗ ಬಲ ಒಂದು, ಕೊರತೆ ಒಂದು, ಮುಂದಿನ ಹೆಜ್ಜೆ ಒಂದು ಇರಲಿ. ಕೊರತೆಯನ್ನು ಬಿಟ್ಟು ಚಿಕ್ಕದು ಮಾಡಬೇಡಿ, ಅದು ಶಿಫಾರಸು ಪತ್ರವಾಗಿಬಿಡುತ್ತದೆ. ನಮ್ಮ ಅಭ್ಯರ್ಥಿಗೆ ಆ ಸಾಲು ಹೀಗೆ: ‘07: ಸ್ಟಾಕ್ ತಪ್ಪಿನ ಮೂಲ ಹಿಡಿದು ಸರಿಪಡಿಸಿದ್ದಾಗಿ ಸಂಖ್ಯೆ ಸಮೇತ ಬರೆದಿದ್ದಾರೆ, ನಡೆಸಿದ ತಂಡ 14, ನಮಗೆ ಬೇಕಿರುವುದು 25, ರಾತ್ರಿ ಪಾಳಿಗೆ ಒಪ್ಪಿಗೆ ಇದೆಯೇ ಎಂದು ಇವತ್ತು ಕೇಳುತ್ತಿದ್ದೇನೆ, ಹೌದೆಂದರೆ ಫೋನ್ ಮಾತುಕತೆಗೆ ಸಮಯ ಕೊಡಿ.’